ಪರಿಚಯದಲ್ಲಿ ಬಿಟ್ಟ ಮಾತು

“ನನ್ನ ಹೆಸರು ಮಂಚಮ್ಮ. ಮಂಜಮ್ಮ ಅಲ್ಲ. ಮೊದ್ಲೇ ಹೇಳ್ಬುಡ್ತೀನಿ, ಆಮೇಲೆ ಸ್ಟೇಜ್ ಮೇಲೆ ಜಗಳ ಆಡಕ್ಕಾಗಲ್ಲ.”

ಕೃಷಿಮೇಳಕ್ಕೆ ಮೂರು ವಾರ ಮುಂಚೆ ಅಗ್ರಹಾರದ ತನ್ನ ಪುಟ್ಟ ಡಿಟಿಪಿ ಅಂಗಡಿಯಲ್ಲಿ ಅಶ್ವತ್ಥ ಕೇಳಿದ ಅವಳ ಮೊದಲ ಮಾತು ಅದು. ಮೈಸೂರಿನ ಆ ಮೇಳಕ್ಕೆ ನಿರೂಪಣೆಯೂ ಅವನದೇ, ಭಾಷಣಕಾರರ ಪರಿಚಯ ಬರೆಯುವ ಕೆಲಸವೂ ಅವನದೇ. ವಿವರ ಕೊಡಲು ಬಂದವಳು ಕುರ್ಚಿಯಲ್ಲಿ ಕೂತು, ಅವನು ಹೆಸರು ಬರೆದುಕೊಳ್ಳುವುದನ್ನು ಬಗ್ಗಿ ನೋಡಿದಳು. ‘ಚ’ ಸರಿಯಾಗಿ ಬಿದ್ದಿದೆ ಎಂದು ಖಾತ್ರಿಯಾದ ಮೇಲೆ ಕಣ್ಣಲ್ಲೇ ನಕ್ಕಳು. ಅವನ ಪೆನ್ನು ಒಂದು ಕ್ಷಣ ನಿಂತಿತು.

ಮಂಚಮ್ಮನಿಗೆ ಮೂವತ್ಮೂರು. ವರುಣಾದ ಹತ್ತಿರ ಎರಡೆಕರೆ ಬಾಳೆ ತೋಟ, ಮೇಟಗಳ್ಳಿಯಲ್ಲಿ ಬಾಡಿಗೆ ಶೆಡ್ಡಿನಲ್ಲಿ ಬಾಳೆಹಣ್ಣು ಒಣಗಿಸುವ ಘಟಕ. ಹೆಸರು ಅಜ್ಜಿಯದು.

“ಮದುವೆ?” ಎಂದು ಕೇಳಿ ಅಶ್ವತ್ಥ ನಾಲಿಗೆ ಕಚ್ಚಿಕೊಂಡ.

“ಅದೂ ಪರಿಚಯದಲ್ಲಿ ಬರುತ್ತಾ?”

“ಇಲ್ಲ.”

“ಹಂಗಾದ್ರೆ ಯಾಕೆ ಕೇಳಿದ್ರಿ?” ಎಂದಳು. ಅವನು ಕೆಂಪಾಗುವುದನ್ನು ಪೂರ್ತಿ ನೋಡಿದ ಮೇಲೆ, “ಬೇಡ ಅಂತಲ್ಲ ಕಣ್ರೀ, ಪುರುಸೊತ್ತಾಗ್ಲಿಲ್ಲ” ಎಂದು ಸೇರಿಸಿದಳು.

ಆ ನಗುವಿನ ನಡುವೆಯೇ ಅವಳು ಗೇಟಿನ ಸಂಗತಿ ಹೇಳಿದ್ದು. ಆರು ವರ್ಷದ ಹಿಂದೆ ಒಂದು ತರಬೇತಿ ಸಂಸ್ಥೆಯವರು ಹಣ್ಣು ಸಂಸ್ಕರಣೆಯ ಶಿಬಿರಕ್ಕೆ ಅವಳನ್ನು ಆರಿಸಿದ್ದರು. ಬೆಳಿಗ್ಗೆ ಬಸ್ಸು ಹಿಡಿದು ಬಂದರೆ ಪಟ್ಟಿಯಲ್ಲಿ ‘ಮಂಜಮ್ಮ’ ಎಂದಿತ್ತು, ಆಧಾರ್ ಕಾರ್ಡಿನಲ್ಲಿ ‘ಮಂಚಮ್ಮ’. ಗೇಟಿನಿಂದಲೇ ವಾಪಸ್ ಕಳಿಸಿದರು. ಆಮೇಲೆ ಎರಡು ವರ್ಷ ತಾನೇ ಕಲಿತಳು. ಶಾಖ ಹೆಚ್ಚಾಗಿ ಹಣ್ಣು ಕರಟಿತು, ಕಡಿಮೆಯಾಗಿ ಬೂಷ್ಟು ಹಿಡಿಯಿತು. ತಟ್ಟೆಗಟ್ಟಲೆ ತಿಪ್ಪೆಗೆ ಹಾಕಿದಳು.

“ಯಾವ ಸಂಸ್ಥೆ?” ಅಶ್ವತ್ಥ ಕೇಳಿದ. ಅವಳು ಹೇಳಿದಳು.

ಅವಳು ಹೋದ ಮೇಲೆ ಅವನು ಹಳೆಯ ಕಂಪ್ಯೂಟರಿನ ಫೈಲು ತೆಗೆದು ನೋಡಿದ. ಆ ಸಂಸ್ಥೆಯ ಪಟ್ಟಿಗಳನ್ನು ಟೈಪ್ ಮಾಡಿಕೊಡುತ್ತಿದ್ದವನು ಅವನೇ. ಕೈಬರಹದಲ್ಲಿದ್ದ ‘ಮಂಚಮ್ಮ’ನನ್ನು ಬರೆದವರ ತಪ್ಪೆಂದುಕೊಂಡು ತಿದ್ದಿದ್ದ. ಹದಿನೇಳನೇ ಹೆಸರು. ತಿದ್ದಿದ್ದಕ್ಕೆ ಆಗ ಹೆಮ್ಮೆಪಟ್ಟಿದ್ದೂ ನೆನಪಾಯಿತು. ಮಧ್ಯಾಹ್ನದ ಊಟದ ಡಬ್ಬಿ ಅವತ್ತು ಹಾಗೇ ಉಳಿಯಿತು.

ನಾಳೆ ಹೇಳೋಣ ಎಂದುಕೊಂಡ. ಮರುದಿನ ಅವಳ ಫೋನೇ ಬಂತು.

“ನೀವು ಬರೆದು ಕಳಿಸಿದ ಪರಿಚಯ ಓದಿದೆ. ‘ಧೀರ ಮಹಿಳೆ’, ‘ಸಾಧನೆಯ ಶಿಖರ’ ಇವೆಲ್ಲ ಯಾರ ಬಗ್ಗೆ?”

“ನಿಮ್ಮ ಬಗ್ಗೆ.”

“ನಾನು ಶಿಖರ ಹತ್ತಿಲ್ಲ, ಚಾಮುಂಡಿಬೆಟ್ಟಕ್ಕೂ ಬಸ್ಸಲ್ಲೇ ಹೋಗೋದು. ಅದನ್ನ ತೆಗೆದುಬುಡಿ. ಕೆಲಸಕ್ಕೆ ಹದಿನಾಲ್ಕು ಜನ ಅಂತ ಬರ್ದಿದ್ದೀರ. ಮೂರು ಜನ ಸೀಸನ್ನಲ್ಲಿ ಮಾತ್ರ ಬರೋದು. ಹನ್ನೊಂದು ಅಂತ ಮಾಡಿ.”

ಅವನು ತಿದ್ದಿದ. ಪರಿಚಯವೆಂದರೆ ಎರಡು ನಿಮಿಷ, ಅದಕ್ಕಿಂತ ಹೆಚ್ಚಾದರೆ ಜನ ಕೆಮ್ಮಲು ಶುರುಮಾಡುತ್ತಾರೆ. ಪದವಿ ಪ್ರಶಸ್ತಿಗಳ ಪಟ್ಟಿ ಓದಬಾರದು. ಎದುರು ಕೂತ ರೈತ ಇವರ ಮಾತನ್ನು ಯಾಕೆ ಕೇಳಬೇಕು ಎಂಬುದು ಮೊದಲು ಬರಬೇಕು, ಚಪ್ಪಾಳೆಗೆ ಸರಿಯಾಗಿ ಹೆಸರು ಕೊನೆಯಲ್ಲಿ. ಇದೆಲ್ಲ ವಿವರಿಸುವ ನೆಪದಲ್ಲಿ ಫೋನು ದಿನವೂ ಉದ್ದವಾಯಿತು. ಅವಳ ನಗು ಕೇಳಿದಷ್ಟೂ ಅವನಿಗೆ ಹಿತವಾಗುತ್ತಿತ್ತು, ಫೋನಿಟ್ಟ ಮೇಲೆ ಅಷ್ಟೇ ನಾಚಿಕೆಯಾಗುತ್ತಿತ್ತು.

ಒಂದು ದಿನ ಅವಳು ಕೇಳಿದಳು: “ಗೇಟಿನ ಮಾತು ಯಾಕೆ ಹಾಕಿಲ್ಲ?”

“ಅದು ನಿಮ್ಮ ಕಥೆ. ಭಾಷಣದಲ್ಲಿ ನೀವೇ ಹೇಳ್ಬೇಕಾದ್ದನ್ನ ಪರಿಚಯ ಮಾಡೋರು ಮೊದಲೇ ಹೇಳಿ ಮುಗಿಸಬಾರದು.”

ಮಾತು ಸರಿಯಾದದ್ದೇ. ಒಳ್ಳೆಯ ನಿರೂಪಕರೆಲ್ಲ ಪಾಲಿಸುವ ನಿಯಮ. ಆದರೆ ತಾನು ಅದರ ಹಿಂದೆ ಅವಿತಿದ್ದೇನೆ ಎಂಬುದು ಅವನೊಬ್ಬನಿಗೇ ಗೊತ್ತಿತ್ತು.

“ಎಷ್ಟು ಯೋಚನೆ ಮಾಡ್ತೀರ ನೀವು” ಎಂದಳು ಮಂಚಮ್ಮ ಮೆಲ್ಲಗೆ. “ನನ್ನ ಬಗ್ಗೆ ಇಷ್ಟು ಕಾಳಜಿಯಿಂದ ಯಾರೂ ಬರೆದಿರ್ಲಿಲ್ಲ.”

“ಅಂತಿಮ ಪ್ರತಿ ನಾನೇ ತಂದುಕೊಡ್ತೀನಿ” ಎಂದು ಅವನು ಫೋನಿಟ್ಟ.

ಮೇಳದ ಹಿಂದಿನ ದಿನ ಮಧ್ಯಾಹ್ನ ಅಂತಿಮ ಪ್ರತಿ ಹಿಡಿದು ಮೇಟಗಳ್ಳಿಗೆ ಹೋದ. ಶೆಡ್ಡಿನ ತುಂಬ ಬಾಳೆಹಣ್ಣಿನ ಬೆಚ್ಚಗಿನ ಸಿಹಿ ವಾಸನೆ. ಅವಳು ಒಣಗಿದ ಹಣ್ಣೊಂದನ್ನು ಬಗ್ಗಿಸಿ, ಮುರಿಯದೆ ಬಾಗಿದ್ದನ್ನು ಅವನಿಗೆ ತೋರಿಸಿದಳು. “ಇಷ್ಟು ಮೆತ್ತಗಿರ್ಬೇಕು. ಹತ್ತು ಕಿಲೋ ಹಣ್ಣಿಗೆ ಎರಡು ಕಿಲೋ ಸಿಗುತ್ತೆ. ತಿನ್ನಿ.”

ಅವನು ತಿನ್ನಲಿಲ್ಲ. “ಮಂಚಮ್ಮ ಅವ್ರೇ, ಆ ಪಟ್ಟಿ ಟೈಪ್ ಮಾಡಿದ್ದು ನಾನು.”

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅವನು ಎಲ್ಲ ಹೇಳಿದ. ಕೇಳುತ್ತ ಅವಳ ಕೈ ತಟ್ಟೆಯ ಅಂಚನ್ನು ಬಿಗಿಯಾಗಿ ಹಿಡಿಯಿತು.

“ಯಾವತ್ತು ಗೊತ್ತಾಯ್ತು ನಿಮ್ಗೆ?”

“ನೀವು ಅಂಗಡಿಗೆ ಬಂದ ದಿನವೇ.”

ಅವಳು ಕಾಗದ ತೆಗೆದುಕೊಂಡು ನಿಧಾನವಾಗಿ ಓದಿದಳು. “ಇದರಲ್ಲಿ ಏನೂ ತಪ್ಪಿಲ್ಲ. ಆದ್ರೆ ನಾಳೆ ನೀವು ಓದ್ಬೇಡಿ. ನಿಮ್ಮ ಬಾಯಲ್ಲಿ ನನ್ನ ಹೆಸರು ಕೇಳಕ್ಕೆ ನಂಗೆ ಆಗಲ್ಲ.”

ಅವನು ತಲೆಯಾಡಿಸಿದ. ಅಂಗಡಿಗೆ ಬಂದು ಅದೇ ಪರಿಚಯವನ್ನು ಜೊತೆಯ ನಿರೂಪಕಿ ವಾಣಿಗಾಗಿ ಮತ್ತೆ ಸಿದ್ಧಮಾಡಿದ. ಅಕ್ಷರ ದೊಡ್ಡದು ಮಾಡಿ, ಸಾಲುಗಳ ನಡುವೆ ಜಾಗ ಬಿಟ್ಟು, ಉಸಿರು ತೆಗೆದುಕೊಳ್ಳುವ ಕಡೆ ಗೆರೆ ಎಳೆದ. ‘ಚ’ದ ಸುತ್ತ ಕೆಂಪು ಸುತ್ತು ಹಾಕಿ, ಫೋನಿನಲ್ಲಿ ವಾಣಿಯಿಂದ ಹೆಸರನ್ನು ಮೂರು ಸಲ ಹೇಳಿಸಿದ.

ಮರುದಿನ ಬೆಳಿಗ್ಗೆ ಶಾಮಿಯಾನದ ಕೊನೆಯಲ್ಲಿ ನಿಂತು ಅವನು ತನ್ನದೇ ಸಾಲುಗಳನ್ನು ಬೇರೆ ದನಿಯಲ್ಲಿ ಕೇಳಿದ.

“ಸಿಪ್ಪೆಯ ಮೇಲೆ ಚುಕ್ಕೆ ಬಿತ್ತೆಂದು ನಮ್ಮ ಹಣ್ಣನ್ನು ಮಂಡಿಯಲ್ಲಿ ಪಕ್ಕಕ್ಕಿಡುತ್ತಾರೆ. ಹಾಗೆ ಉಳಿದ ಹಣ್ಣನ್ನು ಮೂವತ್ತೆಂಟು ಬೆಳೆಗಾರರಿಂದ ಕೊಂಡು, ಹನ್ನೊಂದು ಹೆಂಗಸರ ಜೊತೆ ಒಣಗಿಸಿ ಮಾರುವ ರೈತರೊಬ್ಬರು ಇಲ್ಲಿದ್ದಾರೆ. ಅಂಥದೊಂದು ಘಟಕವನ್ನು ಚಿಕ್ಕದಾಗಿ ಶುರುಮಾಡುವುದು ಹೇಗೆ ಅಂತ ಇವತ್ತು ಅವರೇ ಹೇಳುತ್ತಾರೆ. ವರುಣಾದ ಮಂಚಮ್ಮ.”

ಚಪ್ಪಾಳೆ ಬಿತ್ತು. ಅವಳು ಮಾತಾಡಿದಳು. ಗೇಟಿನ ಕಥೆ ಬಂದಾಗ ಅಶ್ವತ್ಥ ಶಾಮಿಯಾನದ ಕಂಬ ಹಿಡಿದುಕೊಂಡ. ಈಗ ನನ್ನ ಹೆಸರು ಹೇಳುತ್ತಾಳೆ, ಹೇಳಲಿ ಎಂದುಕೊಂಡ.

“ಟೈಪ್ ಮಾಡಿದವ್ರು ಸರಿಮಾಡ್ತಿದ್ದೀನಿ ಅಂತಲೇ ತಿದ್ದಿದ್ರಂತೆ. ಒಂದು ಮಾತು ಕೇಳಿದ್ರೆ ಆಗ್ತಿತ್ತು” ಎಂದಳು ಅವಳು. “ಅದಕ್ಕೇ ಹೇಳ್ತೀನಿ, ಅರ್ಜಿ ಕೊಟ್ಟ ಮೇಲೆ ಪಟ್ಟಿಯಲ್ಲಿ ನಿಮ್ಮ ಹೆಸರನ್ನ ನೀವೇ ಹೋಗಿ ನೋಡ್ಕೊಳ್ಳಿ.” ಅಷ್ಟೇ ಹೇಳಿ, ಶಾಖ ಎಷ್ಟಿರಬೇಕು ಎಂಬ ವಿಷಯಕ್ಕೆ ಹೊರಳಿದಳು.

ಜನ ಕರಗಿದ ಮೇಲೆ ಅವಳೇ ಅವನಿದ್ದಲ್ಲಿಗೆ ಬಂದಳು.

“ಕೋಪ ಇದೆ. ತಪ್ಪು ಟೈಪ್ ಮಾಡಿದ್ದಕ್ಕಲ್ಲ. ಗೊತ್ತಿದ್ದೂ ಮೂರು ವಾರ ನನ್ನ ಜೊತೆ ನಗ್ತಾ ಮಾತಾಡಿದ್ರಲ್ಲ, ಅದಕ್ಕೆ.”

“ಹೇಳಿದ್ರೆ ಆ ಮಾತು ನಿಂತೋಗುತ್ತೆ ಅಂತ ಹೆದರಿದೆ.” ಅವನ ದನಿ ತಗ್ಗಿತು. “ನಿಮ್ಮನ್ನ ಇಷ್ಟಪಟ್ಟುಬುಟ್ಟಿದ್ದೆ. ಅದನ್ನ ಹೇಳೋ ಯೋಗ್ಯತೆ ನಂಗಿಲ್ಲ.”

“ಯೋಗ್ಯತೆ ಇದೆಯೋ ಇಲ್ವೋ ಅನ್ನೋದನ್ನೂ ನೀವೇ ತಿದ್ದಿಬುಡ್ತೀರಾ?” ಅವಳ ಕಣ್ಣು ನಗಲಿಲ್ಲ, ಆದರೆ ಅವನ ಮುಖ ಬಿಟ್ಟು ಕದಲಲೂ ಇಲ್ಲ. “ನನ್ನ ಕೇಳಿ.”

ಅವನು ತಲೆಯೆತ್ತಿ ಕೇಳಿದ: “ಈ ಕೋಪ ಹೋಗಕ್ಕೆ ಎಷ್ಟು ದಿನ ಬೇಕಾಗುತ್ತೆ?”

“ಗೊತ್ತಿಲ್ಲ” ಎಂದಳು ಮಂಚಮ್ಮ, ಸೆರಗು ಸರಿಮಾಡಿಕೊಂಡು ಹೊರಡುತ್ತ. “ದಿನಾ ಬಂದು ನೋಡ್ಕೊಂಡು ಹೋಗ್ತಿರಿ.”