ಹೌದು ಅಥವಾ ಅಲ್ಲ

ಧಡ್!

ಸರಕು ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತೇಬಿಟ್ಟಿತು. ದೀಪವೂ ಆರಿತು. ಜಾಲರಿ ಬಾಗಿಲಿನಾಚೆ ಬರೀ ಗೋಡೆ...

ವನಜಾಳ ಎದೆ ಹೊಡೆದುಕೊಳ್ಳತೊಡಗಿತು. ಮುಚ್ಚಿದ ಜಾಗವೆಂದರೆ ಅವಳಿಗೆ ಚಿಕ್ಕಂದಿನಿಂದಲೂ ಭಯ. ಅದರ ಮೇಲೆ, ಜೊತೆಗಿದ್ದವನು ಯಾರು? ರೇವಣಸಿದ್ದ! ನಿನ್ನೆ ಅವನು ಮಾಡಿದ ವಾಲ್ವ್‌ಗಳು ಸರಿಯಿಲ್ಲವೆಂದು ಬೆಳಿಗ್ಗೆಯಷ್ಟೇ ತಪಾಸಣೆಯಲ್ಲಿ ಅವಳೇ ಕೆಂಪು ಚೀಟಿ ಕಟ್ಟಿದ್ದಳು. ಆ ಕ್ರೇಟನ್ನೇ ಇಬ್ಬರೂ ಕೆಳಗಿಳಿಸುತ್ತಿದ್ದರು.

ಅವಳು ಬಾಗಿಲಿಗೆ ಕೈ ಹಾಕಿದಳು.

"ಎಳೀಬ್ಯಾಡ್ರೀ! ಕರೆಂಟ್ ಬಂದು ಲಿಫ್ಟ್ ಅಲುಗಾಡಿದ್ರ ಕೈ ಸಿಕ್ಕೊಂತೈತಿ!"

ಅವನು ಗಂಟೆ ಒತ್ತಿದ. ಕೆಳಗಿನಿಂದ ವಾಚ್‌ಮನ್ ಚಿಕ್ಕಬೈರಪ್ಪನ ಕೂಗು ಕೇಳಿತು. "ಎದ್ರುಕೋಬ್ಯಾಡ್ರಮ್ಮೋ! ಫೋನ್ ಮಾಡಿವ್ನಿ, ಮೆಕ್ಯಾನಿಕ್ ಬತ್ತಾವ್ನೆ!"

ಪೀಣ್ಯದ ಟ್ರಾಫಿಕ್ಕಿನಲ್ಲಿ ಮೆಕ್ಯಾನಿಕ್ ಯಾವಾಗ ಬಂದಾನು? ಉಸಿರು ಸಾಲುತ್ತಿಲ್ಲ ಅನ್ನಿಸಿತು. ಸತ್ತೇ ಹೋಗ್ತೀನಾ?

"ಏನಾದ್ರೂ... ಏನಾದ್ರೂ ಆಟ ಆಡೋಣ್ವಾ?" ಎಂದುಬಿಟ್ಟಳು. ಯಾವ ಆಟ ಎಂದು ಅವಳಿಗೇ ಗೊತ್ತಿರಲಿಲ್ಲ.

ಅವನು ನಗಲಿಲ್ಲ. ಯಾವ ಆಟ ಎಂದು ತಿರುಗಿ ಕೇಳಲೂ ಇಲ್ಲ.

"ಆಡೂಣ್ರೀ. ಹಾಡಿನ ಬಂಡಿ ಆಡೂಣೇನು? ಇಲ್ಲಾ ಊರಿನ ಹೆಸರು... ನಾ ಒಂದು ಊರು ಹೇಳ್ತೀನಿ, ಅದರ ಕಡೀ ಅಕ್ಷರದಿಂದ ನೀವೊಂದು. ಅದೂ ಬ್ಯಾಡಂದ್ರ, ನಾ ಒಂದು ವಸ್ತು ಮನಸ್ಸಿನ್ಯಾಗ ಇಟ್ಕೋತೀನಿ, ನೀವು ಕೇಳ್ಕೋತ ಹೋಗ್ರಿ. ಹೌದು, ಅಲ್ಲ, ಅಷ್ಟ ನನ್ನ ಉತ್ರ. ಹತ್ತು ಪ್ರಶ್ನಿಯೊಳಗ ಹೇಳಬೇಕು. ಬ್ಯಾಸರಾದ್ರ ಬದಲಿ ಮಾಡೂಣು. ಯಾವುದು ಸಲೀಸು?"

ಹಾಡಲು ಉಸಿರಿಲ್ಲ. ಊರಿನ ಹೆಸರು ಹುಡುಕಲು ತಲೆ ಓಡುತ್ತಿಲ್ಲ.

"ಕೊನೇದು... ಸುಳ್ಳು ಹೇಳೋ ಹಾಗಿಲ್ಲ."

"ಇಲ್ರೀ. ಇಟ್ಕೊಂಡೆ. ಕೇಳ್ರಿ."

"ಜೀವ ಇದ್ಯಾ?"

"ಅಲ್ರೀ."

"ಕೈಯಲ್ಲಿ ಹಿಡಿಯೋವಷ್ಟು ಚಿಕ್ಕದಾ?"

"ಹೌದ್ರೀ."

"ನಮ್ಮ ಫ್ಯಾಕ್ಟ್ರೀಲಿದ್ಯಾ?"

"ಹೌದ್ರೀ."

"ಕಬ್ಬಿಣದ್ದಾ?"

"ಅಲ್ರೀ. ನಾಕಾತು."

ಒಂದೊಂದು ಪ್ರಶ್ನೆ ಯೋಚಿಸುವಷ್ಟು ಹೊತ್ತು ಗೋಡೆ ಮರೆಯುತ್ತಿತ್ತು. ಉಸಿರು ಮೆಲ್ಲನೆ ಹದಕ್ಕೆ ಬರುತ್ತಿತ್ತು.

"ನಾನು ದಿನಾ ಮುಟ್ಟೋದಾ?"

"ಹೌದ್ರೀ."

"ಬಣ್ಣ... ಕೆಂಪಾ?"

"ಹೌದ್ರೀ."

ಕೆಂಪು ಚೀಟಿ! ಅವಳಿಗೆ ಗೊತ್ತಾಯಿತು. ಆದರೆ ಹೇಳಲಿಲ್ಲ. ಇನ್ನೂ ನಾಲ್ಕು ಪ್ರಶ್ನೆ ಉಳಿದಿವೆಯಲ್ಲ! ಸೂಪರ್‌ವೈಸರ್ ವೆಂಕಟೇಶಪ್ಪನವರು ನಿನ್ನೆ ಅಣಕಿಸಿದ್ದು ಕಿವಿಯಲ್ಲೇ ಇತ್ತು. "ನಿನ್ನ ಚೀಟಿ ಕಾಟಕ್ಕೆ ಆ ಹುಡ್ಗ ಶಿಫ್ಟ್ ಬದಲಾಯಿಸ್ಕೊಡಿ ಅಂತವ್ನೆ ಕಣಮ್ಮಾ!" ನಾನೇ ತಪ್ಪು ಅಳೆದಿದ್ದೆನೇನೋ ಎಂದು ಅವಳು ರಾತ್ರಿಯೆಲ್ಲ ಕೊರಗಿದ್ದಳು.

"ಅದನ್ನ ಕಂಡ್ರೆ ನಿಮಗೆ ಸಿಟ್ಟಾ?"

"ಅಲ್ರೀ."

"ನೀವು ಶಿಫ್ಟ್ ಬದಲಾಯಿಸ್ತಿರೋದು... ನನ್ನಿಂದಾನಾ?"

ಲಿಫ್ಟ್ ಕಿರ್ರೆಂದಿತು.

"...ಹೌದ್ರೀ."

ಈಗ ಲಿಫ್ಟಿನ ಭಯವೇ ಸಣ್ಣದೆನಿಸಿತು. ಇಷ್ಟು ದಿನ ಅವನ ಮಷಿನ್ ಕಡೆ ಹೋಗುವಾಗಲೆಲ್ಲ ತನ್ನ ಹೆಜ್ಜೆ ಯಾಕೆ ತಡವರಿಸುತ್ತಿತ್ತೆಂದು ಅರ್ಥವಾದದ್ದೂ ಈಗಲೇ... ಅವನು ದೂರ ಹೋಗುವಾಗ!

"ರಾತ್ರಿ ಶಿಫ್ಟ್‌ಗಾ? ನನ್ನ ಮುಖ ಕಾಣದೇ ಇರೋ ಹಾಗೆ?"

"ಅಲ್ರೀ! ಒಂಬತ್ತಾತು."

ರಾತ್ರಿ ಅಲ್ಲವೇ? ಈಗ ಅವನದು ಮಧ್ಯಾಹ್ನದಿಂದ ರಾತ್ರಿಯವರೆಗಿನ ಎರಡನೆಯ ಶಿಫ್ಟ್. ಹಾಗಿದ್ದರೆ ಉಳಿದದ್ದು...

"ಬೆಳಗಿನ ಶಿಫ್ಟ್‌ಗಾ?"

"ಹೌದ್ರೀ."

ಬೆಳಗಿನ ಪಾಳಿ ಎಂದರೆ ಅವಳ ಹಗಲಿನ ಕೆಲಸದ ಹೊತ್ತಿನಲ್ಲೇ ಹೆಚ್ಚು ಹೊತ್ತು ಎದುರಿಗಿರುತ್ತಾನೆ. ಮುಖ ತಪ್ಪಿಸುವವನು ಹತ್ತಿರ ಬರುತ್ತಾನೆಯೇ?

"ನನ್ನ ಪ್ರಶ್ನೆ ಮುಗೀತು," ಎಂದಳು ಮೆಲ್ಲಗೆ. "ಉತ್ತರ, ಕೆಂಪು ಚೀಟಿ. ಇನ್ನು ನೀವೇ ಹೇಳಿ."

"ನೀವು ಸಂಜಿ ಕ್ಲಾಸಿಗೆ ಹೋಗ್ತೀರಲ್ರೀ, ಡಿಪ್ಲೊಮಾ... ನಾನೂ ಸೇರ್ಬೇಕಂತ ಮಾಡೀನಿ. ಸಂಜಿ ಬಿಡುವು ಬೇಕಾತು." ಅವನ ದನಿಯೂ ನಡುಗುತ್ತಿತ್ತು. "ಚೀಟಿ ಕಟ್ಟಾಕಷ್ಟ ನೀವು ನನ್ನ ಮಷಿನ್ ಕಡೆ ಬರ್ತೀರಿ. ಹಂಗಂತ ಬೇಕಂತ ಮಾಲು ಕೆಡಿಸಿಲ್ರೀ ಮತ್ತ, ನನ್ನಾಣಿ!"

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ನಿಮಗೂ ಭಯ ಆಗ್ತಿದ್ಯಾ?"

"ಲಿಫ್ಟ್ ನಿಂತಾಗಿಂದ ಆಗಾಕ್ಹತ್ತೈತ್ರೀ. ಈಗ ಇನ್ನೂ ಜಾಸ್ತಿ ಆತು."

ದೀಪ ಹತ್ತಿತು. ಮೇಲಿನಿಂದ ಮೆಕ್ಯಾನಿಕ್, "ಕೈ ಒಳಗಿಟ್ಕೊಳ್ಳಿ!" ಎಂದು ಕೂಗಿದ. ಲಿಫ್ಟ್ ನಿಧಾನವಾಗಿ ಇಳಿಯತೊಡಗಿತು.

"ಈಗ ನನ್ನ ಸರದಿ," ಎಂದಳು ವನಜಾ. "ಇಟ್ಕೊಂಡಿದ್ದೀನಿ. ಕೇಳಿ."

"ಜೀವ ಐತೇನ್ರೀ?"

"ಹೌದು."

"ಈ ಲಿಫ್ಟಿನ್ಯಾಗ ಐತೇನು?"

"ಹೌದು."

"ಹೆಣ್ಣೇನ್ರೀ?"

"ಅಲ್ಲ."

ಲಿಫ್ಟ್ ಕೆಳಗೆ ಬಂದು ನಿಂತಿತು; ರೇವಣಸಿದ್ದ ಕ್ರೇಟ್ ಎತ್ತುವುದನ್ನೂ ಮರೆತ. ಚಿಕ್ಕಬೈರಪ್ಪ ಜಾಲರಿ ಎಳೆದು, ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದ. "ಈಚೆಗ್ ಬರ್ರಪ್ಪಾ! ಅಲ್ಲೇ ಸಂಸಾರ ಊಡ್ತೀರಾ?"

"ಇನ್ನೂ ಏಳು ಪ್ರಶ್ನಿ ಅದಾವ್ರೀ..." ಎಂದ ಅವನು, ಮೆಲ್ಲಗೆ.

"ಅವನ್ನ ನಿಮ್ಮ ಶಿಫ್ಟ್ ಬದಲಾದ ದಿನ ಸಂಜೆ ಕೇಳಿ," ಎಂದಳು ಅವಳು. "ಕ್ಲಾಸಿಗೆ ನಡ್ಕೊಂಡು ಹೋಗ್ತಾ."