ಬೀಗರಿಗೂ ನಗು ಬರಬೇಕು

“ನೀರು ಕಾದಾವಂತ ಹೇಳವಾ,” ಎಂದಳು ಜಂಬಕ್ಕ. ಗಂಡ ಪಾಲಾಕ್ಷಪ್ಪ ಅಲ್ಲೇ ಬಾಗಿಲಲ್ಲಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಂತಿದ್ದ. ಆ ಮಾತು ಅವನ ಕಿವಿಗೂ ಬಿದ್ದಿತ್ತು. ಆದರೂ ಸೊಸೆ ಏಲಿಯಮ್ಮ ಒಲೆಯ ಮುಂದಿನಿಂದ ಎದ್ದು ಬಂದು, “ಮಾವಾರ, ನೀರು ಕಾದಾವಂತ್ರಿ,” ಎಂದ ಮೇಲೆಯೇ ಅವನು ಬಚ್ಚಲ ಕಡೆ ಹೆಜ್ಜೆ ಇಟ್ಟದ್ದು. ಕೊಟ್ಟೂರಿನ ಆ ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಕೇರಳದ ಏಲಿಯಮ್ಮ ಕನ್ನಡ ಕಲಿತದ್ದೇ ಹೀಗೆ, ಅತ್ತೆಯ ಮಾತನ್ನು ಮಾವನಿಗೆ, ಮಾವನ ಮಾತನ್ನು ಅತ್ತೆಗೆ ಮುಟ್ಟಿಸುತ್ತಾ. ಊರಿನ ಆಸ್ಪತ್ರೆಯಲ್ಲಿ ಅವಳು ನರ್ಸು. ರೋಗಿಗಳು ಅವಳ ಕನ್ನಡಕ್ಕೆ ನಗುತ್ತಿದ್ದರು. ಯಾಕೆಂದರೆ ಅವಳ ಪ್ರತಿಯೊಂದು ವಾಕ್ಯವೂ ‘ಅಂತ’ ಎಂದೇ ಮುಗಿಯುತ್ತಿತ್ತು.

ಜಗಳದ ಕಾರಣ ಕೇರಿಗೆಲ್ಲ ಗೊತ್ತಿತ್ತು. ಮಗಳು ದಾಕ್ಷಾಯಣಿಯನ್ನು ಅರಸೀಕೆರೆಗೆ ಕೊಟ್ಟಿದ್ದರು. ಅವಳ ಅತ್ತೆ ಬಾಯಿಮಾಡುವವಳಲ್ಲ, ತಣ್ಣಗೆ ಕೊಲ್ಲುವವಳು. ತುಂಬಿದ ಬಸುರಿಯನ್ನೂ ಬಿಡದೆ ಹೊಲದಿಂದ ಮೇವು ಹೊರಿಸುತ್ತಿದ್ದಳಂತೆ. ಒಂದು ದಿನ ಹುಡುಗಿ ಒಬ್ಬಳೇ ಬಸ್ಸು ಹತ್ತಿ ತವರಿಗೆ ಬಂದಳು, ಇನ್ನು ಹೋಗುವುದಿಲ್ಲ ಎಂದಳು. ಪಾಲಾಕ್ಷಪ್ಪ ನಾಲ್ಕು ಜನರ ಮಾತಿಗೆ ಹೆದರುವ ಮನುಷ್ಯ. ಹೆಂಡತಿ ಅಡ್ಡ ನಿಂತು ಅತ್ತರೂ ಕೇಳದೆ ಮಗಳನ್ನು ಕರೆದುಕೊಂಡು ಹೋಗಿ ಅದೇ ಹೊಸ್ತಿಲಲ್ಲಿ ಬಿಟ್ಟು ಬಂದ. ಆಮೇಲೆ ಹೆರಿಗೆ ಕಷ್ಟವಾಗಿದೆ ಎಂದು ಸುದ್ದಿ ಬಂತು... ಅವನು ಮತ್ತೆ ಅರಸೀಕೆರೆ ಮುಟ್ಟುವ ಹೊತ್ತಿಗೆ ತಾಯಿ ಮಗು ಇಬ್ಬರನ್ನೂ ಹೊರಗೆ ಮಲಗಿಸಿದ್ದರು. ಅಂದಿನಿಂದ ಜಂಬಕ್ಕ ಅಳಲೂ ಇಲ್ಲ, ಬೈಯಲೂ ಇಲ್ಲ. ರೊಟ್ಟಿ ಬಡಿಯುತ್ತಿದ್ದಳು, ಬಡಿಸುತ್ತಿದ್ದಳು, ಅಷ್ಟೇ. ಮಗ ವಾಮದೇವ ಬೇರೆ ಜಾತಿಯ ಹುಡುಗಿಯನ್ನು ಮದುವೆಯಾಗುತ್ತೇನೆ ಎಂದಾಗಲೂ ಯಾರೂ ಹೂಂ ಉಹೂಂ ಎನ್ನಲಿಲ್ಲ. ಮಗಳನ್ನು ಕಳೆದುಕೊಂಡ ಮನೆಯಲ್ಲಿ ಜಾತಿ ಕೇಳುವ ಉಸಾಬರಿ ಯಾರಿಗೂ ಉಳಿದಿರಲಿಲ್ಲ.

ಹೀಗಿರುವಾಗ, ಎಂಬತ್ತಮೂರರ ಬೇಸಿಗೆಯಲ್ಲಿ, ಬೀಗರು ಮಾತು ಬಿಟ್ಟ ಸಂಗತಿ ತಿಳಿಯದ ಏಲಿಯಮ್ಮನ ತಂದೆ ವರ್ಗೀಸ್ ಪಾಲಕ್ಕಾಡಿನಿಂದ ಬರೆದರು. ರೈಲ್ವೆ ಗಾರ್ಡ್ ಆಗಿ ನಿವೃತ್ತರಾದ ಅವರಿಗೆ ಮದುವೆಯ ದಿನ ಆಚರಿಸುವುದೆಂದರೆ ಹಬ್ಬವಿದ್ದಂತೆ. ಬೀಗರ ಮದುವೆಗೆ ಮೂವತ್ತೈದು ತುಂಬುತ್ತದಂತೆ, ನಾವಿಬ್ಬರೂ ಬರುತ್ತೇವೆ, ಕೇಕು ತರುತ್ತೇವೆ, ಮಗ ಒಂದು ಭಾಷಣ ಮಾಡಲಿ, ನಗಿಸಲಿ, ನಮ್ಮಲ್ಲಿ ಹಾಗೆಯೇ ರೂಢಿ ಎಂದಿದ್ದರು. ಕೊಟ್ಟೂರಿನಲ್ಲಿ ಮದುವೆಯ ದಿನವನ್ನು ಯಾರು ನೆನಪಿಡುತ್ತಾರೆ! ಬೇಡವೆಂದು ಬರೆಯಲು ವಾಮದೇವ ಕಾರ್ಡು ತೆಗೆದಿದ್ದ. ಆಗ ಪಾಲಾಕ್ಷಪ್ಪ ಬಂದು ಪಕ್ಕದಲ್ಲಿ ಕುಳಿತ.

“ಬ್ಯಾಡ ಅನಬ್ಯಾಡೋ. ಬರ್ಲಿ ಅವ್ರು,” ಎಂದ. ಕಾರ್ಡನ್ನು ಪಕ್ಕಕ್ಕೆ ಸರಿಸಿ, “ನಿಮ್ಮವ್ವ ಒಂದ್ಸಲ ನಗೂವಂಗ ಬರಿ. ನಕ್ಕಳಂದ್ರ ಮಾತಾಡ್ತಾಳ,” ಎಂದ.

ವಾಮದೇವ ಕೂಡ್ಲಿಗಿಯ ಕೋರ್ಟಿನಲ್ಲಿ ಗುಮಾಸ್ತ. ಕನ್ನಡ, ಇಂಗ್ಲಿಷ್ ಎರಡರಲ್ಲೂ ದಿನವಿಡೀ ಬರೆಯುವವನು, ಆದರೆ ನಗು ಬರುವ ಒಂದು ಸಾಲನ್ನೂ ಬರೆದವನಲ್ಲ. ಕೂತು ಬರೆದ. ಮೊದಲು ಕನ್ನಡದಲ್ಲಿ ಇಡೀ ಭಾಷಣ ಬರೆದು ಆಮೇಲೆ ಕನ್ನಡ ಬಾರದ ಬೀಗರಿಗಾಗಿ ಸಾಲಿಗೆ ಸಾಲು ಇಂಗ್ಲಿಷಿಗೆ ಇಳಿಸಿದ, ಕೋರ್ಟಿನಲ್ಲಿ ಸಾಕ್ಷಿಯ ಜಬಾನಿ ತರ್ಜುಮೆ ಮಾಡುವ ಹಾಗೆ. ಅಪ್ಪನ ಹೆಸರು ಪಾಲಾಕ್ಷ, ಹಣೆಗಣ್ಣಿನವನು, ಆದರೆ ಅವ್ವನ ಎದುರು ಇರುವ ಎರಡು ಕಣ್ಣನ್ನೂ ಎತ್ತುವುದಿಲ್ಲ ಎಂದು ಶುರು. ಕನ್ನಡದಲ್ಲಿ ಚೆನ್ನಾಗಿಯೇ ಇತ್ತು. ಇಂಗ್ಲಿಷಿನಲ್ಲಿ ಶಿವ ಯಾರು, ಮೂರನೆಯ ಕಣ್ಣು ಯಾಕೆ, ಅದನ್ನು ತೆರೆದರೆ ಏನಾಗುತ್ತದೆ ಎಂದು ಹೇಳಿ ಮುಗಿಸುವಷ್ಟರಲ್ಲಿ ಏಲಿಯಮ್ಮ ಆಕಳಿಸಿದಳು.

“ಎಲ್ಲಿ ನಗಬೇಕು ಅಂತ?” ಎಂದು ಕೇಳಿದಳು ಪಾಪ.

ಅದನ್ನು ಹೊಡೆದು ಹಾಕಿದ. ವಿವರಿಸಬೇಕಾದ ನಗೆ ನಗೆಯಲ್ಲ ಎಂದು ಗೊತ್ತಾಯಿತು. ಏಲಿಯಮ್ಮ ತನ್ನ ಕಡೆಯಿಂದ ಹನಿಮೂನಿನ ಚೇಷ್ಟೆಯೊಂದನ್ನು ಕೊಟ್ಟಳು. ಅದನ್ನು ಕನ್ನಡದಲ್ಲಿ ಹೇಳಿದರೆ ಕೇರಿಯ ಹಿರಿಯರು ಎದ್ದು ಹೋಗುತ್ತಾರೆ. ಅದೂ ಹೋಯಿತು. ಅಪ್ಪನನ್ನು ‘ಓಲ್ಡ್ ಮ್ಯಾನ್’ ಎಂದು ಕರೆದದ್ದನ್ನು ಅವಳೇ ತೆಗೆಸಿದಳು. ಕನ್ನಡದಲ್ಲಿ ಬಹುವಚನ ಹಚ್ಚಿ ಎಷ್ಟು ಬೇಕಾದರೂ ಕಾಲೆಳೆಯಬಹುದು, ಮರ್ಯಾದೆ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಆ ಆಸರೆ ಇಲ್ಲ, ಮಾತೇ ಮೆತ್ತಗಿರಬೇಕು. ಅವ್ವ ರೊಟ್ಟಿ ಬಡಿಯುವ ಸಪ್ಪಳ ಕೇಳಿಯೇ ಅವತ್ತು ಮನೆಯ ಹವಾ ಹೇಗಿದೆ ಎಂದು ಅಪ್ಪ ತಿಳಿಯುತ್ತಿದ್ದರು ಎಂಬುದು ಚೆನ್ನಾಗಿತ್ತು. ಅಂಗೈ ಬಡಿದು ತೋರಿಸಿದರೆ ಯಾವ ಭಾಷೆಯೂ ಬೇಡ. ಆದರೆ ನಾಲ್ಕು ವರ್ಷದಿಂದ ಆ ಸಪ್ಪಳ ಒಂದೇ ಸಮನಾಗಿತ್ತು. ಅದರ ಮೇಲೂ ಗೀಟು ಎಳೆದ. ಎಳೆಯುವಾಗ ಮನಸ್ಸಿಗೆ ಏನೂ ಅನ್ನಿಸಲಿಲ್ಲ.

ಕೊನೆಗೆ ಉಳಿದದ್ದು ನಡೆದ ಸಂಗತಿ. ಮಾತಿನ ಆಟ ಗಡಿ ದಾಟುವುದಿಲ್ಲ, ಮನುಷ್ಯನ ಪೇಚಾಟ ದಾಟುತ್ತದೆ. ಪಾಲಾಕ್ಷಪ್ಪ ಆಗಿನ ಕಾಲದಲ್ಲಿ ರಸ್ತೆ ಕೆಲಸದ ಉಗಿ ರೋಲರ್ ಓಡಿಸುತ್ತಿದ್ದ. ಹಡಗಲಿ ಕಡೆ ಕೆಲಸ ನಡೆದಾಗ ಇಟ್ಟಿಗಿ ಎಂಬ ಊರಲ್ಲಿ ಹೆಣ್ಣು ನೋಡುವುದೆಂದಾಯಿತು. ರೋಲರ್ ಬಿಟ್ಟು ಹೋಗುವ ಹಾಗಿಲ್ಲ. ರೋಲರ್ ಮೇಲೆಯೇ ಹೋದ! ಅದರ ಗುಡುಗು ಊರಿಗೆ ಕೇಳಿದ ಮೇಲೆ ಹೆಣ್ಣಿನವರು ಮನೆ ಸಾರಿಸಿದರು, ಅಡುಗೆ ಮಾಡಿದರು, ಉಂಡರು, ಒಂದು ನಿದ್ದೆಯನ್ನೂ ತೆಗೆದರು. ಆಮೇಲೆ ವರ ಬಂದ. ಬಾಯಾರಿದ್ದಾನೆಂದು ಜಂಬಕ್ಕ ತಲೆ ತಗ್ಗಿಸಿಕೊಂಡು ಒಂದು ಕೊಡ ನೀರು ತಂದು ಕೊಟ್ಟಳು. ಅವನು ಕೈಮುಗಿದು ಇಸಿದುಕೊಂಡು, ತಿರುಗಿ, ಅಷ್ಟನ್ನೂ ಇಂಜಿನ್ನಿಗೆ ಸುರಿದ.

ಇಂಗ್ಲಿಷಿನಲ್ಲಿ ಮೊದಲು ‘ಇಂಜಿನ್ನಿಗೆ ನೀರು ಬೇಕಿತ್ತು’ ಎಂದು ಶುರು ಮಾಡಿದ್ದ. ಮುಂಚೆಯೇ ಗುಟ್ಟು ಬಿಟ್ಟುಕೊಟ್ಟಂತಾಯಿತು, ಏಲಿಯಮ್ಮ ನಗಲಿಲ್ಲ. ತರ್ಜುಮೆಯನ್ನು ಹರಿದು ಹಾಕಿ ಮೊದಲಿಂದ ಇಂಗ್ಲಿಷಿನಲ್ಲೇ ಕಥೆ ಹೇಳಿದ. ಕೊಡ, ನಮಸ್ಕಾರ, ತಿರುಗಿದ್ದು, ಎಲ್ಲ ಆದ ಮೇಲೆ ಕಟ್ಟಕಡೆಗೆ ಇಂಜಿನ್ ಎಂಬ ಶಬ್ದ ಬರುವ ಹಾಗೆ. ಈಗ ಅವಳು ಬಾಯಿಗೆ ಸೆರಗು ಹಿಡಿದಳು. ಒಂದೊಂದು ಸಾಲಿಗೆ ಭಾಷೆ ಬದಲಿಸಿದರೆ ಎರಡೂ ಕಡೆಯ ನಗು ತುಂಡಾಗುತ್ತದೆ. ಆದ್ದರಿಂದ ಒಂದು ಸಂಗತಿ ಪೂರ್ತಿ ಕನ್ನಡದಲ್ಲಿ, ನಗು ಇಳಿಯುವವರೆಗೆ ಸುಮ್ಮನಿರುವುದು, ಆಮೇಲೆ ಇಂಗ್ಲಿಷಿನಲ್ಲಿ ಪೂರ್ತಿ. ಬೀಗರು ನಕ್ಕದ್ದು ಕಂಡು ನಮ್ಮವರು ಇನ್ನೊಮ್ಮೆ ನಗುತ್ತಾರೆ ಎಂಬುದು ಅವನ ಲೆಕ್ಕ. ಪಂಪ್‌ಸೆಟ್ ರಿಪೇರಿಯ ಗೆಳೆಯ ಖಾಜಾಸಾಬ್ ಕನ್ನಡ ಕೇಳಿ ನಗಬೇಕು, ಏಲಿಯಮ್ಮ ಇಂಗ್ಲಿಷ್ ಕೇಳಿ ನಗಬೇಕು, ಇಬ್ಬರೂ ನಕ್ಕದ್ದು ಮಾತ್ರ ಇರಬೇಕು ಎಂದು ಕಟ್ಟು ಮಾಡಿಕೊಂಡಿದ್ದ. ತಂಗಿಯ ನೆನಪು ತರುವ ಮಾತು ಎಲ್ಲೂ ಇಲ್ಲವೆಂದು ಇನ್ನೊಮ್ಮೆ ಓದಿ ನೋಡಿಕೊಂಡ.

ಮುಕ್ತಾಯದ ಸಾಲು ಎರಡೂ ಭಾಷೆಯಲ್ಲಿ ಒಂದೇ ತೂಕಕ್ಕೆ ಬಂದಿತ್ತು. ನಮ್ಮಪ್ಪ ಬರೋದು ತಡ, ಆದ್ರ ಬಂದ ಬರ್ತಾರ. ಹೀ ಕಮ್ಸ್ ಲೇಟ್, ಬಟ್ ಹೀ ಕಮ್ಸ್. ಖಾಜಾಸಾಬ್ ಗಹಗಹಿಸಿ ನಕ್ಕ. ನಕ್ಕು, ಸ್ಪ್ಯಾನರ್ ಕೆಳಗಿಟ್ಟು, ಇದೇ ಕೊನೆಯ ಮಾತಾ ಎಂದು ಕೇಳಿದ. ಭಾಷಣ ಗಿಡ್ಡವಾಯಿತೆಂದು ಕೇಳುತ್ತಿದ್ದಾನೆ ಎಂದುಕೊಂಡ ವಾಮದೇವ, ಹೌದು, ಇಷ್ಟೇ ಸಾಕು ಎಂದ.

ಆ ದಿನ ಅಂಗಳದಲ್ಲಿ ಚಪ್ಪರ ಹಾಕಿದ್ದರು. ಒಂದು ಬದಿಗೆ ಜಮಖಾನೆಯ ಮೇಲೆ ಕೇರಿಯವರು, ಇನ್ನೊಂದು ಬದಿಗೆ ಕುರ್ಚಿಯಲ್ಲಿ ಬೀಗರು. ನಡುವೆ ಕೇಕಿನ ಮುಂದೆ ಪಾಲಾಕ್ಷಪ್ಪ, ಜಂಬಕ್ಕ. ವಾಮದೇವ ಎದ್ದು ನಿಂತ. ರೋಲರಿನ ಕಥೆಗೆ ಕೇರಿಯವರು ನಕ್ಕರು. ಆಮೇಲೆ ವರ್ಗೀಸರು ಹೊಟ್ಟೆ ಕುಣಿಸಿಕೊಂಡು ನಕ್ಕರು. ಅವರು ನಕ್ಕದ್ದಕ್ಕೆ ಕೇರಿಯ ಹೆಂಗಸರು ಮತ್ತೆ ನಕ್ಕರು. ಲೆಕ್ಕ ಹಾಕಿದ ಹಾಗೆಯೇ ನಡೆಯಿತು. ಪಾಲಾಕ್ಷಪ್ಪ ಮಾತ್ರ ಮಗನನ್ನು ನೋಡುತ್ತಿರಲಿಲ್ಲ. ಹೆಂಡತಿಯ ಮುಖವನ್ನೇ, ತುಟಿಯನ್ನೇ, ಆಸೆಯಿಂದ ನೋಡುತ್ತಿದ್ದ. ಇಂಜಿನ್ನಿಗೆ ನೀರು ಸುರಿದ ಮಾತು ಬಂದಾಗಲೂ ಆ ಮುಖ ಅಲುಗಲಿಲ್ಲ.

“ನಮ್ಮಪ್ಪ ಬರೋದು ತಡ,” ಎಂದ ವಾಮದೇವ ಕನ್ನಡದಲ್ಲಿ. “ಆದ್ರ ಬಂದ ಬರ್ತಾರ.”

ಕೇರಿಯವರ ನಗು ಎದ್ದಿತು. ಎದ್ದದ್ದು ಪೂರ್ತಿಯಾಗಲಿಲ್ಲ. ಮೊದಲು ಹೆಂಗಸರು ತಲೆ ತಗ್ಗಿಸಿದರು, ಆಮೇಲೆ ಗಂಡಸರು. ತಾನು ಏನಂದೆ ಎಂಬುದು ವಾಮದೇವನಿಗೆ ಆಗ ತಿಳಿಯಿತು. ಅಯ್ಯೋ... ಎರಡು ಭಾಷೆಯಲ್ಲಿ ಜರಡಿ ಹಿಡಿದಿದ್ದ, ತನ್ನ ಮನೆಯಲ್ಲಿ ಒಮ್ಮೆಯೂ ಹಿಡಿದಿರಲಿಲ್ಲ!

ಜಂಬಕ್ಕ ಗಂಡನ ಕಡೆ ತಿರುಗಿದಳು. ನಾಲ್ಕು ವರ್ಷದಲ್ಲಿ ಮೊದಲ ಸಲ ಅವನನ್ನು ನೆಟ್ಟಗೆ ನೋಡಿದಳು.

“ದಾಕ್ಷಾಯಣಿಗೆ ಮಾತ್ರ ತಡಾ ಆತು,” ಎಂದಳು. ದನಿ ಏರಿಸಲಿಲ್ಲ. “ಬಂದ್ರಿ. ಆದ್ರ ಕೂಸು ತಣ್ಣಗಾಗಿತ್ತು.”

“ಹೂಂ,” ಎಂದ ಪಾಲಾಕ್ಷಪ್ಪ. “ತಡಾ ಆತು ಜಂಬವ್ವ. ನಾನ ಬಿಟ್ಟು ಬಂದಿದ್ದೆ.”

ಬೀಗರಿಬ್ಬರೂ ತಮ್ಮ ಸರದಿಗೆ ಕಾಯುತ್ತಾ, ಮುಖದಲ್ಲಿ ನಗು ಸಿದ್ಧವಾಗಿಟ್ಟುಕೊಂಡು, ವಾಮದೇವನನ್ನೇ ನೋಡುತ್ತಿದ್ದರು. ಅವನು ಕೈಯಲ್ಲಿದ್ದ ಭಾಷಣದ ಕಾಗದ ಮಡಿಚಿದ. ಕಡೆಗೆ ಜಂಬಕ್ಕನೇ ಹೇಳಿದಳು.

“ಅವ್ರಿಗೂ ಹೇಳಪಾ. ದೂರದಿಂದ ಬಂದಾರ, ಕಾಯಾಕತ್ಯಾರ.”

ಅವನು ಇಂಗ್ಲಿಷಿನಲ್ಲಿ ಹೇಳಿದ. ಅಭ್ಯಾಸ ಮಾಡಿದ ಹಾಗೆಯೇ, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ. ವರ್ಗೀಸರು ತೊಡೆ ತಟ್ಟಿಕೊಂಡು ನಕ್ಕರು, ಚಪ್ಪಾಳೆ ಹೊಡೆದರು. ಅಷ್ಟು ದೊಡ್ಡ ಚಪ್ಪರದಲ್ಲಿ ಅವರದೊಂದೇ ನಗು. ಏಲಿಯಮ್ಮ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಅಪ್ಪನಿಗೆ ಏನೆಂದು ಹೇಳುವುದು, ಯಾವ ಭಾಷೆಯಲ್ಲಿ ಹೇಳುವುದು ಅವಳಿಗೂ ತಿಳಿಯಲಿಲ್ಲ. ಕೇಕು ಕತ್ತರಿಸಿದರು, ಎಲ್ಲರೂ ಉಂಡರು, ಎಲೆ ಅಡಿಕೆ ಹಾಕಿಕೊಂಡು ಎದ್ದರು.

ಸಂಜೆ ಚಪ್ಪರದ ಗಳ ಬಿಚ್ಚುತ್ತಿದ್ದಾಗ ವಾಮದೇವ ಕಟ್ಟೆಯ ಮೇಲೆ ಕುಳಿತ ತಂದೆಯ ಹತ್ತಿರ ಬಂದ. ತಪ್ಪಾಯಿತು ಎನ್ನಲು ಬಂದವನು, ಅವ್ವ ನಗಲಿಲ್ಲವಲ್ಲ ಎಂದ.

“ನಗೋದು ಹೋಗ್ಲಿ ಬಿಡೋ,” ಎಂದ ಪಾಲಾಕ್ಷಪ್ಪ. “ಬೈದ್ಳಲ್ಲ... ನಾಕು ವರ್ಷ ಅದಕ್ಕ ಕಾದಿದ್ದೆ ನಾನು. ಆ ಮಾತು ಅನ್ನಲೊಲ್ಲಳು, ನನ್ನ ನೋಡಲೊಲ್ಲಳು. ಅಂದ ಬಿಟ್ಟಳು ಇವತ್ತು.”

ಒಳಗಿನಿಂದ ಜಂಬಕ್ಕನ ದನಿ ಕೇಳಿತು. ಬೀಗರಿಗೆ ಹಾಸಲು ಅಟ್ಟದ ಮೇಲಿನ ಕಂಬಳಿ ಬೇಕಿತ್ತು.

“ಏನ್ರೀ, ಕಂಬಳಿ ಇಳಿಸಿ ಕೊಡ್ರಿ.”

ಪಾಲಾಕ್ಷಪ್ಪ ಸೊಸೆಯ ದಾರಿ ನೋಡುತ್ತಾ ಒಂದು ಗಳಿಗೆ ಹಾಗೆಯೇ ಕುಳಿತಿದ್ದ. ಅದು ತನಗೇ ಹೇಳಿದ ಮಾತೆಂದು ತಿಳಿದ ಮೇಲೆ ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದ.