ಬೆಲ್ಲದ ಕತೆ ಹೇಳಲು ಬಾರದ ರಾಜ

ಬೆಟ್ಟಗಳಿಗೆ ಇನ್ನೂ ನಡೆದಾಡುವ ಅಭ್ಯಾಸವಿದ್ದ ಬಹಳ ಹಿಂದಿನ ಕಾಲ. ಏಳುಬಾವಿ ಎಂಬ ರಾಜ್ಯವನ್ನು ಚಿತ್ರವೀರ ಎಂಬ ರಾಜ ಆಳುತ್ತಿದ್ದ. ಚಿತ್ರವೀರನನ್ನು ಅವನ ಮೂರೂವರೆ ವರ್ಷದ ಮಗಳು ಹೊನ್ನಿ ಆಳುತ್ತಿದ್ದಳು.

ಮಲಗುವ ಹೊತ್ತಿಗೆ ಹೊನ್ನಿಗೆ ದಿನವೂ ಒಂದೇ ಕತೆ ಬೇಕು. ಆನೆಮರಿಯೊಂದು ಬೆಲ್ಲ ತರಲು ಹೋಗುತ್ತದೆ. ಹೊತ್ತು ತರುವಾಗ ಹುಣಸೆಮರದ ರಕ್ಕಸ ಅಡ್ಡ ಬರುತ್ತಾನೆ. ಮರಿ ತತ್ತರಿಸುತ್ತದೆ. ರಕ್ಕಸ ಮೊದಲು ಬೆಲ್ಲ ಬಾಯಿಗೆ ತುಂಬಿಕೊಳ್ಳುತ್ತಾನೆ, ಹಲ್ಲಿಗೆ ಹಲ್ಲು ಅಂಟಿಕೊಳ್ಳುತ್ತದೆ, ಮರಿಯನ್ನು ತಿನ್ನಲಾಗದೆ ಓಡಿಹೋಗುತ್ತಾನೆ. ಇಷ್ಟೇ. ಹೇಳಿ ಹೇಳಿ ರಾಜನ ನಾಲಗೆ ಸವೆದಿತ್ತು. ತೂಕಡಿಸುತ್ತ ಒಂದು ಸಾಲು ಹಾರಿಸಿದರೂ "ಹಾಗಲ್ಲ ಅಪ್ಪಾ" ಎಂದು ಹಿಡಿದುಬಿಡುತ್ತಿದ್ದಳು.

"ಇವಳಿಗೆ ಬೇಜಾರಾಗಲ್ವಾ, ಗೌರವ್ವ?" ಎಂದು ರಾಜ ದಾದಿಯನ್ನು ಕೇಳಿದ.

"ಬೇಜಾರು ನಿಮಗೆ ಪ್ರಭು, ಅವಳ ಕೆಲಸ ಇನ್ನೂ ಮುಗಿದಿಲ್ಲ" ಎಂದಳು ಗೌರವ್ವ. "ಮೊದಮೊದಲು ರಕ್ಕಸ ಬಂದ್ರೆ ಅಳ್ತಿದ್ಲು. ಈಗ ಬೆಲ್ಲ ಅಂಟುತ್ತೆ ಅಂತ ಗೊತ್ತು, ಹೆದರೋದೂ ಆಟ ಆಗಿದೆ. ಮೊದಲು ಆನೆಮರಿ ಒಂದೇ ಕಾಣ್ತಿತ್ತು, ಮೊನ್ನೆ ಹುಣಸೆಮರದ ಬಗ್ಗೆ ಕೇಳಿದ್ಲು. ನಿನ್ನೆ ಬಚ್ಚಲಲ್ಲಿ ಬೆಕ್ಕು ತತ್ತರಿಸ್ತು ಅಂದ್ಲು. ಆ ಮಾತು ಕಲಿತದ್ದು ಇದೇ ಕತೇಲಿ. ಏಳು, ಉಣ್ಣು, ಎಣ್ಣೆ ಹಚ್ಚಿಸ್ಕೋ ಅಂತ ದಿನವಿಡೀ ನಾವೇ ಹೇಳ್ತೀವಿ. ಮುಂದೇನು ಅನ್ನೋದು ಅವಳಿಗೆ ಗೊತ್ತಿರೋದು ಇಲ್ಲಿ ಮಾತ್ರ."

ಆ ರಾಜ್ಯದ ಅಂಚಿನಲ್ಲಿ ಕಪಟಕೇತ ಎಂಬ ಮಾಂತ್ರಿಕನಿದ್ದ. ಬೇಟೆಗೆ ಬಂದ ಚಿತ್ರವೀರನನ್ನು ಅವನು ಆಮೆ ಮಾಡಿ ಪಾಳುಬಾವಿಗೆ ಎಸೆದ, ತಾನು ರಾಜನ ರೂಪ ತಳೆದು ಅರಮನೆಗೆ ಬಂದ. ಆ ಮಾಯೆಗೆ ಒಂದು ಕಟ್ಟುಪಾಡಿತ್ತು. ಮೂರು ದಿನದೊಳಗೆ ಅರಮನೆಯವರು ಯಾರಾದರೂ "ನೀನು ಅವನಲ್ಲ" ಎಂದರೆ ಮಾಯೆ ಹರಿದು ಮಾಡಿದವನಿಗೇ ತಗಲುತ್ತದೆ. ಯಾರೂ ಅನ್ನದಿದ್ದರೆ ಚಿತ್ರವೀರ ಕೊನೆತನಕ ಆಮೆಯೇ.

ಮಂತ್ರಿಗೆ ಅನುಮಾನ ಬರಲಿಲ್ಲ. ಸೇನಾಪತಿಗೆ ಬರಲಿಲ್ಲ. ರಾಜನ ಕುದುರೆಗೂ ಬರಲಿಲ್ಲ. ಅದು ಹುಲ್ಲು ಕೊಟ್ಟವರಿಗೆಲ್ಲ ತಲೆಯಾಡಿಸುವ ಜಾತಿಯದು.

ಮೊದಲ ಸಂಜೆ ಹೊನ್ನಿ ಕತೆ ಕೇಳಿದಳು. ದಿನವೂ ಕೇಳಿದ್ದನ್ನೇ ಯಾರು ಕೇಳುತ್ತಾರೆ ಎಂದುಕೊಂಡ ಮಾಂತ್ರಿಕ, ಏಳು ತಲೆಯ ಕುದುರೆಯ ಹೊಸ ಕತೆ ಹೇಳಿದ. ಕತೆ ಚೆನ್ನಾಗಿಯೇ ಇತ್ತು. ಆದರೆ ಯಾವ ತಲೆ ಯಾವಾಗ ಕಚ್ಚುತ್ತದೋ ತಿಳಿಯದೆ ಹೊನ್ನಿ ಕಣ್ಣರಳಿಸಿ ಕೂತಳು. ನಿದ್ದೆ ಹತ್ತಿರ ಸುಳಿಯಲಿಲ್ಲ.

ಎರಡನೆಯ ಸಂಜೆ ಗೌರವ್ವನಿಂದ ಸಾರಾಂಶ ಕೇಳಿಕೊಂಡು ಬಂದು ಆನೆಮರಿಯ ಕತೆಯನ್ನೇ ಹೇಳಿದ. ಆದರೆ ಬೆಲ್ಲ ಬಡವರ ತಿಂಡಿ ಎಂದು ಕತೆಯಲ್ಲಿ ಅದನ್ನು ಲಾಡು ಮಾಡಿದ.

"ಹಾಗಲ್ಲ, ಬೆಲ್ಲ" ಎಂದಳು ಹೊನ್ನಿ.

"ಲಾಡು ಇನ್ನೂ ರುಚಿ ಅಲ್ವಾ, ಮಗಳೇ?"

"ಲಾಡು ಅಂಟಲ್ಲ. ರಕ್ಕಸ ಮರೀನ ತಿಂದ್ಬಿಡ್ತಾನೆ." ಹೊನ್ನಿ ಅತ್ತು ಅರಮನೆಯನ್ನೇ ಎಬ್ಬಿಸಿದಳು. ಅವಳು ಹೇಳಿದ್ದು ಸರಿಯೇ ಇತ್ತು ನೋಡಿ. ಲಾಡಿಗೆ ಯಾವ ರಕ್ಕಸನ ಬಾಯಿ ಮುಚ್ಚೀತು?

ಮಾಂತ್ರಿಕ ಬೆವರಿದ. ಮರುದಿನ ಗೌರವ್ವನನ್ನು ಕೂರಿಸಿಕೊಂಡು ಇಡೀ ಕತೆಯನ್ನು ಒಂದಕ್ಷರ ಬಿಡದೆ ಬಾಯಿಪಾಠ ಮಾಡಿದ. ರಾಜರಿಗೆ ಕತೆ ಮರೆತದ್ದು ಹೇಗೆಂದು ಅವಳಿಗೆ ಕಸಿವಿಸಿಯಾಯಿತು, ಆದರೆ ದಣಿದವರು ಮರೆಯುತ್ತಾರೆ ಎಂದು ಸುಮ್ಮನಾದಳು. ಕತೆಯಲ್ಲಿ ಯಾವ ಮಾತು ಯಾರ ಪಾಲಿನದು ಎಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಮೂರನೆಯ ಸಂಜೆ ಅವನು ಗಿಣಿಪಾಠ ಒಪ್ಪಿಸಿದ. ಬೆಲ್ಲ ಬಂತು, ಹುಣಸೆಮರ ಬಂತು, ಮರಿ ತತ್ತರಿಸಿತು. ಹೊನ್ನಿಯ ರೆಪ್ಪೆ ಭಾರವಾಯಿತು. "ರಕ್ಕಸನ ಹಲ್ಲಿಗೆ ಹಲ್ಲು ಅಂಟಿಕೊಂಡಿತು" ಎಂದು ಅವನು ಒಂದೇ ಉಸಿರಿಗೆ ಹೇಳಿದ.

ಹೊನ್ನಿ ಎದ್ದು ಕೂತಳು. "ಅದು ನಂದು."

"ಯಾವುದು?"

"ಅಂಟಿಕೊಂಡಿತು ಅನ್ನೋದು ನಾನು. ಅಪ್ಪ ಹಲ್ಲಿಗೆ ಹಲ್ಲು ಅಂತ ಹೇಳಿ ನಿಲ್ತಾರೆ, ನನ್ನ ಮುಖ ನೋಡ್ತಾರೆ. ಆಮೇಲೆ ನಾನು ಹೇಳ್ತೀನಿ. ಅಪ್ಪ ಮಾತು ಮರೀತಾರೆ. ನಂಗೋಸ್ಕರ ಕಾಯೋದು ಮಾತ್ರ ಮರೆಯಲ್ಲ. ನೀನು ನಮ್ಮಪ್ಪ ಅಲ್ಲ."

ಮಾಯೆ ಹರಿಯಿತು. ಮಂಚದ ಮೇಲಿದ್ದ ಕಪಟಕೇತ ಆಮೆಯಾಗಿ ಉರುಳಿದ. ಪಾಳುಬಾವಿಯಿಂದ ಎದ್ದ ಚಿತ್ರವೀರ ತಲೆಯಲ್ಲಿ ಪಾಚಿ ಹೊತ್ತುಕೊಂಡೇ ಓಡಿ ಬಂದು ಮಗಳನ್ನು ಅಪ್ಪಿಕೊಂಡ. ಅವನಿಗೆ ಅಳು ತಡೆಯಲಾಗಲಿಲ್ಲ.

"ಕತೆ" ಎಂದಳು ಹೊನ್ನಿ. "ಮೊದಲಿಂದ."

ಅಂದಿನಿಂದ ರಾಜ ಒಮ್ಮೆಯೂ ಗೊಣಗಲಿಲ್ಲ. ಆರು ತಿಂಗಳು ಕಳೆದ ಮೇಲೆ ಒಂದು ಸಂಜೆ ಹೊನ್ನಿಯೇ, "ಇದು ಸಾಕು, ಎಲ್ಲ ಬಂತು ನಂಗೆ. ಏಳು ತಲೆ ಕುದುರೆ ಹೇಳು" ಎಂದಳು. ಅದನ್ನು ಅವಳ ಬಾಯಿಂದಲೇ ಕೇಳಿಕೊಂಡು ರಾಜ ಹೇಳಿದ. ಅವಳು ಹಾಯಾಗಿ ನಿದ್ದೆಹೋದಳು.

ಏಳುಬಾವಿಯ ಜನರೆಲ್ಲ ಸುಖವಾಗಿದ್ದರು, ಒಬ್ಬನನ್ನು ಬಿಟ್ಟು. ಆ ರಾತ್ರಿ ಚಿತ್ರವೀರ ಹೊರಳಾಡಿ ಹೊರಳಾಡಿ, ಕೊನೆಗೆ ಬಾಗಿಲ ಬಳಿ ಹೋಗಿ ಮೆಲ್ಲಗೆ ಕರೆದ: "ಗೌರವ್ವ, ಆ ಆನೆಮರಿಯ ಕತೆ ಒಂದ್ಸಲ ಹೇಳ್ತೀಯಾ? ನಂಗೆ ನಿದ್ದೆ ಬರ್ತಿಲ್ಲ."